ಅಮೆರಿಕದಿಂದ ಬಂದ ನಿದ್ದೆ ಗುಳಿಗೆ, ಅಮ್ಮನ ಗಲಿಬಿಲಿ

ಪ್ರಶ್ನೆ (ಮಂಡ್ಯದಿಂದ): ಡಾಕ್ಟ್ರೇ, ಅಮ್ಮನಿಗೆ 74. ಅಣ್ಣ ಅಮೆರಿಕದಿಂದ ತಂದ ನಿದ್ದೆ ಗುಳಿಗೆ ಎರಡು ತಿಂಗಳಿಂದ ದಿನಾ ತಗೊಳ್ತಾರೆ. ಡೈಫೆನ್‌ಹೈಡ್ರಮಿನ್ 25 ಮಿ.ಗ್ರಾಂ ಅಂತ ಬರೆದಿದೆ. ಮೊದಲು ಒಂದು ಸಾಕಾಗ್ತಿತ್ತು, ಈಗ ಎರಡು ತಗೊಂಡ್ರೂ ನಿದ್ದೆ ಇಲ್ಲ. ಬೆಳಿಗ್ಗೆ ತೂಕಡಿಸ್ತಾರೆ. ಮೊನ್ನೆ ಕಾಫಿ ಫಿಲ್ಟರಿಗೆ ರಾಗಿ ಹಿಟ್ಟು ಹಾಕಿ ಬಿಸಿನೀರು ಸುರಿದಿದ್ರು. ಮರೆವಿನ ಕಾಯಿಲೆ ಶುರುವಾಯ್ತಾ?

ಗುಂಪಿನ ಸದಸ್ಯರು: ಅದು ನೆಗಡಿ, ಅಲರ್ಜಿಯ ಮಾತ್ರೆ ಅಷ್ಟೇ. ಚಟ ಹಿಡಿಯಲ್ಲ, ಭಯ ಬೇಡ.

ಡಾಕ್ಟರ್ (ಮೈಸೂರು, ಹಿರಿಯರ ಚಿಕಿತ್ಸೆ): ಅಲರ್ಜಿಯ ಮಾತ್ರೆ ಅನ್ನೋದು ನಿಜ. ಭಯ ಬೇಡ ಅನ್ನೋದನ್ನು ಒಪ್ಪಲ್ಲ. ನಮ್ಮನ್ನು ಎಚ್ಚರವಾಗಿಡೋ ಹಿಸ್ಟಮಿನ್‌ನ ಕೆಲಸವನ್ನು ಇದು ಮೆದುಳಿನಲ್ಲಿ ತಡೆಯುತ್ತದೆ, ಅದಕ್ಕೇ ಮಂಪರು. ಆದರೆ ದಿನಾ ತಡೆದರೆ ಮೆದುಳು ಬೇಗ ಹೊಂದಿಕೊಳ್ಳುತ್ತದೆ. 50 ಮಿ.ಗ್ರಾಂ ದಿನಕ್ಕೆ ಎರಡು ಸಲ ಕೊಟ್ಟು ನೋಡಿದಾಗ ನಾಲ್ಕನೇ ದಿನಕ್ಕೆ ಮಂಪರು ಖಾಲಿ ಮಾತ್ರೆ ತಗೊಂಡವರಷ್ಟೇ ಇತ್ತು. ಅಮ್ಮನವರು ಎರಡಕ್ಕೆ ಏರಿದ್ದು ಹೀಗೆ.

ಬೆಳಗಿನ ತೂಕಡಿಕೆಗೆ ಲೆಕ್ಕ ನೋಡಿ. ವಯಸ್ಸಾದವರ ಮೈಯಲ್ಲಿ ಇದು ಅರ್ಧಕ್ಕೆ ಇಳಿಯಲು ಸುಮಾರು 13 ಗಂಟೆ ಬೇಕು, ನಿಮ್ಮ ವಯಸ್ಸಿನವರಿಗೆ ಸುಮಾರು 9. ರಾತ್ರಿ 10ಕ್ಕೆ 50 ನುಂಗಿದರೆ ಮರುದಿನ 11 ಗಂಟೆಗೂ ಒಂದು ಗುಳಿಗೆಯಷ್ಟು ಒಳಗೇ ಇರುತ್ತದೆ. ಕಾಫಿ ಮಾಡೋ ಹೊತ್ತಿಗೆ ಇನ್ನೂ ಜಾಸ್ತಿ. ರಾತ್ರಿ ಮುಂದಿನದು ನುಂಗುವಾಗಲೂ ಕಾಲು ಭಾಗಕ್ಕಿಂತ ಹೆಚ್ಚು ಉಳಿದಿರುತ್ತದೆ.

ಗಲಿಬಿಲಿಗೆ ಕಾರಣ ಬೇರೆ. ನೆನಪಿಗೂ ಗಮನಕ್ಕೂ ಬೇಕಾದ ಅಸಿಟೈಲ್‌ಕೋಲಿನ್ ಅನ್ನೋದನ್ನೂ ಇದು ತಡೆಯುತ್ತದೆ. ವಯಸ್ಸಾದಂತೆ ಅದು ಮೊದಲೇ ಕಡಿಮೆ. ನಿದ್ದೆ ತರೋ ಗುಣ ಹೋದ ಮಾತ್ರಕ್ಕೆ ಈ ತೊಂದರೆ ಹೋಗಲ್ಲ. ಬಾಯಿ ಒಣಗೋದು, ಮಲಬದ್ಧತೆ, ಮೂತ್ರ ಕಟ್ಟೋದು ಇದ್ಯಾ?

ಇನ್ನೊಬ್ಬರು: ನಮ್ಮಪ್ಪನಿಗೆ ಕೆಮ್ಮಿನ ಸಿರಪ್ ಕುಡಿದ ರಾತ್ರಿ ಮೂತ್ರ ಕಟ್ಟಿ ಟ್ಯೂಬ್ ಹಾಕಿಸಬೇಕಾಯ್ತು. ಹಾಗಾದ್ರೆ ಅವರು ತಗೊಳ್ಳೋ ಸೆಟಿರಿಜಿನ್ ಕೂಡ ನಿಲ್ಲಿಸ್ಬೇಕಾ?

ಡಾಕ್ಟರ್: ಸೆಟಿರಿಜಿನ್ ಮೆದುಳಿಗೆ ಹೋಗೋದು ತುಂಬಾ ಕಡಿಮೆ, ಸುಮ್ನೆ ನಿಲ್ಲಿಸಬೇಡಿ. ಆ ಸಿರಪ್ ಬಾಟಲಿ ನೋಡಿ, ಕೆಲವು ಕೆಮ್ಮಿನ ಸಿರಪ್‌ಗಳಲ್ಲಿ ಇದೇ ಡೈಫೆನ್‌ಹೈಡ್ರಮಿನ್ ಇರುತ್ತದೆ. ಪ್ರಾಸ್ಟೇಟ್ ದಪ್ಪಗಿದ್ದವರಿಗೆ ಅಪಾಯ.

ಕೇಳಿದವರು: ಹೌದು ಡಾಕ್ಟ್ರೇ, ರಾತ್ರಿಯೆಲ್ಲ ಬಾಯಿ ಒಣಗಿ ಚೊಂಬು ಹಿಡ್ಕೊಂಡೇ ಮಲಗ್ತಾರೆ. ಇವತ್ತೇ ನಿಲ್ಲಿಸ್ಲಾ?

ಡಾಕ್ಟರ್: ನಿಲ್ಲಿಸಿ. ಮೂರ್ನಾಲ್ಕು ರಾತ್ರಿ ಒಂದೇ ಗುಳಿಗೆ ಕೊಟ್ಟು ಬಿಡಿಸಬಹುದು. ಗಲಿಬಿಲಿ ಜಾಸ್ತಿಯಾದರೆ, ಮೂತ್ರ ಹೋಗದಿದ್ದರೆ ಅದಕ್ಕೂ ಕಾಯಬೇಡಿ, ಆವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಬಿಟ್ಟ ಮೇಲೆ ಕೆಲವು ರಾತ್ರಿ ನಿದ್ದೆ ಇನ್ನೂ ಕೆಡುತ್ತದೆ, ಆಗ ಮತ್ತೆ ಡಬ್ಬಿ ತೆಗೆಯಬೇಡಿ. ಒಂದೆರಡು ವಾರದಲ್ಲಿ ತಲೆ ತಿಳಿಯಾದರೆ ಗುಳಿಗೆಯದೇ ಕೆಲಸ. ಆಗದಿದ್ದರೆ ನೆನಪಿನ ಪರೀಕ್ಷೆ ಮಾಡಿಸೋಣ, ಈಗಲೇ ಮರೆವಿನ ಕಾಯಿಲೆ ಅಂತಲೂ ಅಲ್ಲ ಅಂತಲೂ ಹೇಳಲಾರೆ. ಬರುವಾಗ ಅವರು ನುಂಗೋ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕ್ಕೊಂಡು ಬನ್ನಿ.