ಒಂದು ಕಪ್ ಬಿಸಿಬೇಳೆಬಾತ್‌ಗೆ ಎಷ್ಟು ಕ್ಯಾಲರಿ?

ಪ್ರಶ್ನೆ (ಹಾಸನದಿಂದ): ಮನೆಯ ಬಿಸಿಬೇಳೆಬಾತ್. ತರಕಾರಿ, ಬೇಳೆ ಎಲ್ಲಾ ಇದೆ, ಮೇಲೆ ಒಂದು ಚಮಚ ತುಪ್ಪ. ಒಂದು ಕಪ್‌ಗೆ ಎಷ್ಟು ಕ್ಯಾಲರಿ? ಒಂದು ಆ್ಯಪ್ 180 ಅನ್ನುತ್ತೆ, ಇನ್ನೊಂದು 350. ಯಾವುದನ್ನು ನಂಬಲಿ?

ಡಯೆಟಿಶಿಯನ್: ಎರಡೂ ನಿಮ್ಮ ಪಾತ್ರೆ ನೋಡಿಲ್ಲವಲ್ಲ ಮೇಡಂ! ಭಾನುವಾರ ನಮ್ಮನೆಯಲ್ಲಿ ಮಾಡಿದ್ದರ ಲೆಕ್ಕ ಹೇಳುತ್ತೇನೆ. ಅಕ್ಕಿ 200 ಗ್ರಾಂ, ಅದು ಸುಮಾರು 700 ಕ್ಯಾಲರಿ. ತೊಗರಿಬೇಳೆ 150 ಗ್ರಾಂ, 500. ಬೀನ್ಸ್, ಕ್ಯಾರೆಟ್, ನವಿಲುಕೋಸು, ಹಸಿ ಬಟಾಣಿ ಸೇರಿ 300 ಗ್ರಾಂ ಇದ್ದರೂ 130 ದಾಟಲಿಲ್ಲ. ಎಣ್ಣೆ ಎರಡು ದೊಡ್ಡ ಚಮಚ, 240. ಒಂದು ಹಿಡಿ ಕಡಲೆಕಾಯಿ ಬೀಜ 170. ಪುಡಿ, ಕೊಬ್ಬರಿ, ಹುಣಸೆ, ಬೆಲ್ಲಕ್ಕೆ ಅಂದಾಜು 180. ಒಟ್ಟು 1,920.

ಪಾತ್ರೆಯ ತೂಕ ಕಳೆದರೆ ಬಾತ್ 1,900 ಗ್ರಾಂ ಇತ್ತು. ಅಂದರೆ ಗ್ರಾಂಗೆ ಹೆಚ್ಚುಕಮ್ಮಿ ಒಂದು ಕ್ಯಾಲರಿ. ಕಪ್‌ನಲ್ಲಿ 200 ಗ್ರಾಂ ಹಿಡಿದರೆ 200, ಚಹಾ ಚಮಚದಲ್ಲಿ 5 ಗ್ರಾಂ ತುಪ್ಪಕ್ಕೆ 45. ಒಟ್ಟು 245. ಆದರೆ ಸಾರು ಬಡಿಸುವ ಚಮಚದಲ್ಲಿ ಹಾಕಿದರೆ ತುಪ್ಪವೇ 100 ದಾಟುತ್ತದೆ.

ನೀರು ಜಾಸ್ತಿಯಾಗಿ ಬಾತ್ 2,400 ಗ್ರಾಂ ಆಗಿದ್ದರೆ ಅದೇ ಕಪ್ 160ಕ್ಕೆ ಇಳಿಯುತ್ತಿತ್ತು, ತುಪ್ಪ ಬೇರೆ. ಆರಿ ಗಟ್ಟಿಯಾದ ಬಾತ್ ಒಂದು ಕಪ್‌ನಲ್ಲಿ ಜಾಸ್ತಿ ಹಿಡಿಯುತ್ತದೆ, ಲೆಕ್ಕ ತಪ್ಪುವುದು ಅಲ್ಲೇ. ಅದಕ್ಕೇ ಕಪ್ ಬಿಟ್ಟು ತಕ್ಕಡಿ ಹಿಡಿಯಿರಿ.

ಇನ್ನೊಬ್ಬರು: ಕ್ಯಾಲರಿ ಎಲ್ಲಾ ಅಕ್ಕಿಯದ್ದೇ ಅಲ್ವಾ? ಅಕ್ಕಿ ಅರ್ಧ ಮಾಡಿ, ಬೇಳೆ ಎರಡರಷ್ಟು ಹಾಕಿ. ಕ್ಯಾಲರಿ ಇಳಿಯುತ್ತೆ.

ಡಯೆಟಿಶಿಯನ್: ಅರ್ಧ ಸರಿ. ಒಣಗಿದ್ದಾಗ ತೂಗಿದರೆ ಎರಡರ ಕ್ಯಾಲರಿಯೂ ಹತ್ತಿರಹತ್ತಿರ. ಅಕ್ಕಿ ತೆಗೆದು ಬೇಳೆ ಹಾಕಿದರೆ ಪ್ರೋಟೀನ್ ಹೆಚ್ಚುತ್ತದೆ, ಹೊಟ್ಟೆ ತುಂಬಿದಂತೆ ಇರುತ್ತದೆ, ಆದರೆ ಲೆಕ್ಕ ಇಳಿಯುವುದಿಲ್ಲ. ಇಳಿಯಬೇಕಾದರೆ ತರಕಾರಿ ಹೆಚ್ಚಿಸಿ, ಎಣ್ಣೆ ತಗ್ಗಿಸಿ.

ಚಿಕ್ಕಮಗಳೂರಿನಿಂದ ಒಬ್ಬರು: ನಮ್ಮ ತಂದೆಗೆ ಶುಗರ್. ತುಪ್ಪ ಬಿಡಿಸಿದ್ವಿ, ಆದ್ರೂ ಊಟ ಆದ್ಮೇಲೆ ಶುಗರ್ ಏರುತ್ತೆ. ಹಾಗಾದ್ರೆ ಬಿಸಿಬೇಳೆಬಾತ್ ಬಿಟ್ಟುಬಿಡ್ಬೇಕಾ?

ಡಯೆಟಿಶಿಯನ್: ಶುಗರ್ ಏರಿಸುವುದು ತುಪ್ಪ ಅಲ್ಲ ಸರ್, ಮುಖ್ಯವಾಗಿ ಅನ್ನ. ಅವರಿಗೆ ಮೇಲೆ ಹೇಳಿದ ಬೇಳೆ ಜಾಸ್ತಿ ಮಾಡುವ ಉಪಾಯವೇ ಒಳ್ಳೆಯದು, ಬಟ್ಟಲೂ ಚಿಕ್ಕದಿರಲಿ. ಅದನ್ನು ತಿಂದು ಎರಡು ಗಂಟೆಯಾದ ಮೇಲೆ ಶುಗರ್ ಚೆಕ್ ಮಾಡಿ ಬರೆದಿಟ್ಟುಕೊಳ್ಳಿ, ಮಾತ್ರೆ ಕೊಡುವ ಡಾಕ್ಟರಿಗೂ ತೋರಿಸಿ. ಕಿಡ್ನಿ ತೊಂದರೆ ಇದ್ದರೆ ಬೇಳೆ ಹೆಚ್ಚಿಸುವ ಮುಂಚೆಯೇ ಅವರನ್ನು ಕೇಳಿ.

ಪ್ರಶ್ನೆ ಕೇಳಿದವರು: ಸರಿ, ನಾಳೆ ತೂಗುತ್ತೇನೆ. ಖಾರಾ ಬೂಂದಿ ಹಾಕ್ಕೊಂಡು ತಿನ್ನೋದು ನಮ್ಮನೆಯವರ ಚಾಳಿ. ಅದೂ ಸೇರಿಸಬೇಕಾ?

ಡಯೆಟಿಶಿಯನ್: ಸೇರಿಸಲೇಬೇಕು! ಒಂದು ಹಿಡಿ, 25 ಗ್ರಾಂ ಅಂದುಕೊಂಡರೂ 130ರ ಆಸುಪಾಸು. ನಿಮ್ಮ ಚಮಚ ತುಪ್ಪದ ಸುಮಾರು ಮೂರರಷ್ಟು.

ಇನ್ನೊಬ್ಬರು: ಹೋಟೆಲ್ ಬಾತ್‌ಗೆ?

ಡಯೆಟಿಶಿಯನ್: ಎಣ್ಣೆ ಎಷ್ಟು ಸುರಿದರು ಅಂತ ಅವರೇ ಹೇಳಬೇಕು.