ಪ್ರಶ್ನೋತ್ತರ: ವಿಮೆ ರಸೀದಿಯ ಫೋಟೋದಲ್ಲಿ ಪಾಲಿಸಿ ನಂಬರ್, ಅವಧಿ ನೋಡೋದು ಹೇಗೆ?

ಸುಮಾ: ಮೇಡಂ, ಅಪ್ಪ-ಅಮ್ಮನ ಆರೋಗ್ಯ ವಿಮೆ ರಸೀದಿಯ ಫೋಟೋ ಹಾಕಿದ್ದೇನೆ. 2024-25ರ ಆದಾಯ ತೆರಿಗೆ ರಿಟರ್ನ್, ಹಳೇ ಪದ್ಧತಿ. ಅಪ್ಪನಿಗೆ 66 ವರ್ಷ. ಜನವರಿಯಲ್ಲಿ 56,640 ಕಟ್ಟಿದೆ. ಆರೋಗ್ಯ ವಿಮೆಯ ತೆರಿಗೆ ಕಡಿತದ ಕಲಂ 80ಡಿಯಲ್ಲಿ 50,000 ತೋರಿಸಬಹುದಾ? ಎರಡು ನಂಬರ್ ಇವೆ, ಪಾಲಿಸಿ ನಂಬರ್ ಯಾವುದು?

ವಿಜಯಾ, ಸಿಎ: 50,000 ಬೇಡ ಸುಮಾ. ಮೊದಲು `Period of Insurance` ಸಾಲು ನೋಡಿ. 15/01/2025ರಿಂದ 14/01/2027ರವರೆಗೆ ಅಂತಿದೆ. ಅಂದರೆ ಎರಡು ವರ್ಷದ ಹಣ ಒಟ್ಟಿಗೆ ಕಟ್ಟಿದ್ದೀರಿ. ಹೀಗೆ ಕಟ್ಟಿದ್ದನ್ನು ಒಂದೇ ವರ್ಷಕ್ಕೆ ತೋರಿಸುವ ಹಾಗಿಲ್ಲ, ಹಂಚಬೇಕು.

ಹಂಚುವುದು ಎರಡು ಭಾಗ ಅಲ್ಲ, ಮೂರು. ಹಣ ಕಟ್ಟಿದ ಹಣಕಾಸು ವರ್ಷ, ಆಮೇಲೆ ಪಾಲಿಸಿ ಜಾರಿಯಲ್ಲಿರುವ ಪ್ರತಿ ಹಣಕಾಸು ವರ್ಷ, ಎಲ್ಲ ಎಣಿಸಬೇಕು. ನಿಮ್ಮದು 2024-25ರಲ್ಲಿ ಎರಡೂವರೆ ತಿಂಗಳು, 2025-26 ಪೂರ್ತಿ, 2026-27ರಲ್ಲಿ ಜನವರಿವರೆಗೆ. ತಿಂಗಳ ಲೆಕ್ಕ ಇಲ್ಲ, ಮೂರಕ್ಕೂ ಸಮಪಾಲು. 56,640ರಲ್ಲಿ ಮೂರನೇ ಒಂದು, 18,880. ಈ ಸಲ ಅಷ್ಟೇ ಹಾಕಿ.

ಇನ್ನು ನಂಬರ್. ಮೇಲೆ ದಪ್ಪಕ್ಷರದಲ್ಲಿರುವುದು `Receipt No.`, ಅದು ಆ ಪಾವತಿಯದ್ದು. ಕೆಳಗೆ ಸಣ್ಣದಾಗಿ `Policy No.` ಇದೆ, ಅದೇ ಬೇಕು. ಆದರೆ ಫೋಟೋದಲ್ಲಿ ಕೊನೆ ಎರಡು ಅಂಕಿ 86ಓ 36ಓ ಗೊತ್ತಾಗುತ್ತಿಲ್ಲ. ವಾಟ್ಸ್ಯಾಪ್‌ನಲ್ಲಿ ಫೋಟೋ ಕುಗ್ಗಿದರೆ ಹೀಗೇ. ಕಂಪನಿ ಮೇಲ್ ಮಾಡಿದ ಪಾಲಿಸಿ ಪಿಡಿಎಫ್ ತೆಗೆದು ಅದರಿಂದ ಕಾಪಿ ಮಾಡಿ. ಹೋದ ವರ್ಷದ ಪಾಲಿಸಿ ಪ್ರತಿ ನೋಡಬೇಡಿ, ನವೀಕರಣದಲ್ಲಿ ಎಷ್ಟೋ ಕಂಪನಿಗಳ ನಂಬರ್ ಬದಲಾಗುತ್ತದೆ.

ಇನ್ನೊಂದು ವಿಷಯ. ರಸೀದಿ ನಿಮ್ಮಪ್ಪನ ಹೆಸರಲ್ಲಿದೆ. ನಿಮ್ಮ ಖಾತೆಯಿಂದ ಹಣ ಹೋದ ಬ್ಯಾಂಕ್ ಸ್ಟೇಟ್‌ಮೆಂಟ್ ಪುಟ ಜೊತೆಗಿಟ್ಟುಕೊಳ್ಳಿ.

ಪ್ರಕಾಶ್: ಅತ್ತೆಯವರ ಆರೋಗ್ಯ ವಿಮೆಗೆ ನಾನು ಕಟ್ಟಿದ್ದೇನೆ. ರಸೀದಿ ಸ್ಪಷ್ಟವಾಗಿದೆ. ನನಗೂ ಸಿಗುತ್ತಲ್ವಾ?

ವಿಜಯಾ, ಸಿಎ: ಇಲ್ಲ. ಅತ್ತೆ-ಮಾವ ಬರುವುದಿಲ್ಲ. ನಿಮ್ಮ ಹೆಂಡತಿ ತಮ್ಮ ಆದಾಯದಿಂದ ಕಟ್ಟಿದ್ದರೆ ಅವರಿಗೆ ಸಿಗುತ್ತಿತ್ತು.

ಮಂಜುಳಾ: ಜೀವ ವಿಮೆ ಕಂತು ಮಾರ್ಚ್ 28ಕ್ಕೆ ಬಾಕಿ ಇತ್ತು, ಏಪ್ರಿಲ್ 10ಕ್ಕೆ ಕಟ್ಟಿದೆ. ಯಾವ ವರ್ಷ?

ವಿಜಯಾ, ಸಿಎ: ಕಟ್ಟಿದ ದಿನದ್ದೇ ಲೆಕ್ಕ. ಮುಂದಿನ ವರ್ಷ. ರಸೀದಿಯಲ್ಲಿ ಬಾಕಿ ದಿನಾಂಕ ನೋಡಬೇಡಿ.

ನಾಗರಾಜ್: ಬಂದ ಮೆಸೇಜ್: "ರಸೀದಿ ಮಬ್ಬಾಗಿದ್ದರೆ ಯಾವುದಾದರೂ ನಂಬರ್ ಹಾಕಿ, ಇಲಾಖೆ ನೋಡಲ್ಲ. ನಗದು ಕಟ್ಟಿದ್ರೂ 25,000 ಸಿಗುತ್ತೆ." ಎಲ್ಲರಿಗೂ ಅನುಕೂಲ ಆಗಲಿ ಅಂತ ಹಾಕಿದೆ.

ವಿಜಯಾ, ಸಿಎ: ಅನುಕೂಲ ಯಾರಿಗೆ ಸಾರ್? 2024-25ರ ರಿಟರ್ನ್ ಫಾರ್ಮಿನಲ್ಲಿ ವಿಮಾ ಕಂಪನಿ ಹೆಸರು, ಪಾಲಿಸಿ ನಂಬರ್ ಕೇಳುತ್ತಾರೆ. ಕಂಪನಿಯ ದಾಖಲೆಗೆ ತಾಳೆ ನೋಡುವುದು ಕಷ್ಟವಲ್ಲ. ಸುಳ್ಳು ಲೆಕ್ಕ ಅಂತ ತೀರ್ಮಾನವಾದರೆ 270ಎ ಪ್ರಕಾರ ತಪ್ಪಿಸಿದ ತೆರಿಗೆಯ ಎರಡು ಪಟ್ಟು ದಂಡ. ಆರೋಗ್ಯ ವಿಮೆಗೆ ನಗದು ನಡೆಯುವುದೇ ಇಲ್ಲ. ಈ ಮೆಸೇಜ್ ಅಳಿಸಿ.

ನಾಗರಾಜ್: ನಾನು ಬರೆದಿದ್ದಲ್ಲ, ಬಂದಿದ್ದು.

ವಿಜಯಾ, ಸಿಎ: ಹಾಕಿದ್ದು ನೀವು.

ರಮೇಶ್, ಏಜೆಂಟ್: ಮೇಡಂ, ಸುಮಾ ಅವರದ್ದು ಎರಡು ವರ್ಷದ ಪಾಲಿಸಿ. ಎರಡು ಭಾಗ ಮಾಡಿದರೆ 28,320. ನಮ್ಮ ಗ್ರಾಹಕರಿಗೆ ಕಂಪನಿ ಸರ್ಟಿಫಿಕೇಟ್ ಹಾಗೇ ಬರುತ್ತದೆ. ಸುಮ್ನೆ ಗಾಬರಿ ಮಾಡಬೇಡಿ.

ವಿಜಯಾ, ಸಿಎ: ಏಪ್ರಿಲ್ 1ಕ್ಕೆ ಶುರುವಾಗಿ ಮಾರ್ಚ್ 31ಕ್ಕೆ ಮುಗಿದರೆ, ಹಣವೂ ಆ ಮೊದಲ ವರ್ಷದಲ್ಲೇ ಕಟ್ಟಿದ್ದರೆ ಎರಡು ಭಾಗ ಸರಿ. ಜನವರಿಯಲ್ಲಿ ಶುರುವಾದರೆ ಮೂರು. ಕಲಂ ಓದಿ, 80ಡಿ (4ಎ).

ರಮೇಶ್, ಏಜೆಂಟ್: ಕಂಪನಿಗೆ ಗೊತ್ತಿಲ್ಲದ್ದು ನಿಮಗೆ ಗೊತ್ತಾ?

ಪ್ರಕಾಶ್: ಏಜೆಂಟ್‌ರು ಯಾವತ್ತೂ ಹೀಗೇ. ಪಾಲಿಸಿ ಮಾರುವಾಗ "ಪೂರ್ತಿ ತೆರಿಗೆ ಉಳಿಯುತ್ತೆ" ಅಂತಾರೆ, ಆಮೇಲೆ ಫೋನ್ ಎತ್ತಲ್ಲ.

ರಮೇಶ್, ಏಜೆಂಟ್: ಅತ್ತೆಗೆ ಕಟ್ಟಿ ನಿಮ್ಮ ಹೆಸರಲ್ಲಿ ಕೇಳಿದವರು ನೀವು. ನನ್ನನ್ನ ಯಾಕೆ ಅಂತೀರಿ?

ಶ್ವೇತಾ: ಕಂಪನಿಯ ಗ್ರೂಪ್ ಪಾಲಿಸಿಗೆ ಸಂಬಳದಲ್ಲಿ ಹಿಡಿದಿದ್ದಾರೆ, ರಸೀದಿ ಕೊಡಲ್ಲ. ಪಾಲಿಸಿ ನಂಬರ್ ಎಲ್ಲಿಂದ ತರಲಿ?

ಮಹೇಶ್: ಹೊಸ ಪದ್ಧತಿಯಲ್ಲಿ ಎಷ್ಟು ಸಿಗುತ್ತೆ?

ವಿಜಯಾ, ಸಿಎ: ಸೊನ್ನೆ. ಜೀವ ವಿಮೆಯ 80ಸಿ, ಆರೋಗ್ಯ ವಿಮೆಯ 80ಡಿ ಎರಡೂ ಇಲ್ಲ.

ಸುಮಾ: ಪಿಡಿಎಫ್ ಸಿಕ್ಕಿತು ಮೇಡಂ. ಕೊನೆಯಲ್ಲಿ 86. ಆದರೆ ಸರ್ಟಿಫಿಕೇಟ್‌ನಲ್ಲಿ ಎರಡು ವರ್ಷಕ್ಕೆ 28,320ರ ಹಾಗೆ ಇದೆ, ರಮೇಶ್ ಅವರು ಹೇಳಿದಂತೆ.

ವಿಜಯಾ, ಸಿಎ: 18,880 ಹಾಕಿ. ತಿದ್ದಿ ಕೊಡಿ ಅಂತ ಕಂಪನಿಗೆ ಮೇಲ್ ಬರೆಯಿರಿ, ಆ ಮೇಲ್ ಉಳಿಸಿಕೊಳ್ಳಿ. ಮುಂದೆ ಯಾರಾದರೂ ಕೇಳಿದರೆ ಅವಧಿಯ ಸಾಲು ತೋರಿಸಿ.

ರಮೇಶ್, ಏಜೆಂಟ್: ತಿದ್ದಲ್ಲ. ಬೇಕಾದರೆ ನೋಡ್ತಾ ಇರಿ.

ಶ್ವೇತಾ: ನನ್ನ ಪ್ರಶ್ನೆ ಯಾರಾದರೂ ನೋಡಿದ್ರಾ?