ಪದಚರ್ಚೆ: ಸೋಲಾರ್ ಕರಾರಿನಲ್ಲಿ ‘ಯಥಾಸ್ಥಿತಿ’ ಅಂದರೆ ಯಾವತ್ತಿನ ಸ್ಥಿತಿ?

ಎಲ್ಲರಿಗೂ ನಮಸ್ಕಾರ.

ಚಳ್ಳಕೆರೆ ತಾಲ್ಲೂಕಿನಲ್ಲಿ ನಮ್ಮ ದೊಡ್ಡಪ್ಪನವರಿಗೆ ಎಂಟು ಎಕರೆ ಖುಷ್ಕಿ ಜಮೀನಿದೆ. ಮಳೆ ಬಂದ ವರ್ಷ ಶೇಂಗಾ, ಇಲ್ಲದಿದ್ದರೆ ಬೀಳು. ಒಂದು ಸೋಲಾರ್ ಕಂಪನಿ ಅದನ್ನು 25 ವರ್ಷಕ್ಕೆ ಗುತ್ತಿಗೆಗೆ ಕೇಳಿ, ಕರಾರಿನ ಕರಡು ಕಳಿಸಿದೆ. ನಾನು ಶಾಲೆಯಲ್ಲಿ ಕನ್ನಡ ಹೇಳಿಕೊಡುವವಳು. ಹಾಗಾಗಿ ‘ಓದಿ ಅರ್ಥ ಹೇಳಮ್ಮ’ ಅಂತ ನನ್ನ ಕೈಗೆ ಕೊಟ್ಟರು. ಕೊನೆಯ ಪುಟದಲ್ಲಿ ಈ ಸಾಲಿದೆ:

“ಗುತ್ತಿಗೆ ಅವಧಿ ಮುಗಿದ ನಂತರ ಗುತ್ತಿಗೆದಾರರು ತಮ್ಮ ಸಲಕರಣೆಗಳನ್ನು ತೆರವುಗೊಳಿಸಿ, ಷೆಡ್ಯೂಲು ಸ್ವತ್ತನ್ನು ಯಥಾಸ್ಥಿತಿಯಲ್ಲಿ ಮಾಲೀಕರ ಸುಪರ್ದಿಗೆ ಬಿಟ್ಟುಕೊಡತಕ್ಕದ್ದು.”

‘ಈಗ ಹೇಗಿದೆಯೋ ಹಾಗೇ ವಾಪಸ್ ಕೊಡ್ತಾರೆ’ ಅಂತ ದೊಡ್ಡಪ್ಪ ಓದಿಕೊಂಡಿದ್ದಾರೆ. ‘ಬಿಡುವ ದಿನ ಹೇಗಿರುತ್ತೋ ಹಾಗೇ ಬಿಟ್ಟು ಹೋಗ್ತಾರೆ’ ಅಂತಲೂ ಓದಬಹುದು ಅಂತ ನನಗೆ ಅನಿಸುತ್ತಿದೆ. ಎರಡರಲ್ಲಿ ಯಾವುದು ಸರಿ? ಇನ್ನೊಂದು ಸಾಲು, “ಪ್ರತಿ ಎರಡು ವರ್ಷಕ್ಕೊಮ್ಮೆ ಬಾಡಿಗೆಯ ಮೇಲೆ ಶೇ 5ರಷ್ಟು ಹೆಚ್ಚಳ”. ಯಾವ ಬಾಡಿಗೆಯ ಮೇಲೆ? ದೊಡ್ಡಪ್ಪ ಹೆಬ್ಬೆಟ್ಟು ಒತ್ತುವವರಲ್ಲ, ಓದಿ ಸಹಿ ಹಾಕುವವರು. ಆದರೂ ಈ ಎರಡು ಸಾಲಿನಲ್ಲಿ ಇಬ್ಬರೂ ನಿಂತುಬಿಟ್ಟಿದ್ದೇವೆ.

ಧಾರವಾಡದಿಂದ

ತಂಗಿ, ‘ಯಥಾ’ ಅಂದರೆ ‘ಹೇಗೋ ಹಾಗೆ’. ಯಾವಾಗಿನದು ಅನ್ನುವುದು ಆ ಪದದೊಳಗೆ ಇಲ್ಲ. ಕೋರ್ಟು ‘ಯಥಾಸ್ಥಿತಿ ಕಾಯ್ದುಕೊಳ್ಳಿ’ ಅಂದಾಗ ಆದೇಶದ ದಿನ ಹೇಗಿದೆಯೋ ಹಾಗೇ ಇರಲಿ ಅಂತ ಅರ್ಥ. ಆದರೆ ಮಾತಿನಲ್ಲಿ ನಾವು ‘ಯಥಾಪ್ರಕಾರ’ ಅನ್ನುವುದು ಮೊದಲಿನ ಹಾಗೇ ಅನ್ನುವುದಕ್ಕೆ. ದೊಡ್ಡಪ್ಪನವರ ಕಿವಿಗೆ ಬಿದ್ದದ್ದು ಈ ಎರಡನೆಯ ಅರ್ಥ. ಹಾಗಾಗಿ ಇಬ್ಬರ ಓದೂ ಕನ್ನಡವೇ. ‘ಪೂರ್ವಸ್ಥಿತಿಗೆ ತಂದು’ ಅಂತ ತಿದ್ದಿಸಿ, ಗೊಂದಲ ಹೋಗುತ್ತದೆ. ಹಾಗೇ ಬಿಟ್ಟರೂ ದೊಡ್ಡ ಅಪಾಯವೇನಿಲ್ಲ. ರೈತ ಕೊಟ್ಟಂಥ ಹೊಲವನ್ನೇ ವಾಪಸ್ ಬಯಸಿದ್ದ ಅಂತ ಯಾವ ನ್ಯಾಯಾಧೀಶರಿಗೂ ತಿಳಿಯುತ್ತದೆ, ಅಲ್ವಾ?

ನಮ್ಮ ಕಡೆ ರೊಕ್ಕಕ್ಕೆ ಹೊಲ ಕೊಡುವುದನ್ನು ‘ಲಾವಣಿಗೆ ಹಾಕುವುದು’ ಅಂತಾರೆ. ಕರಾರುಗಳಲ್ಲಿ ಆ ಪದ ಈಗ ಕಾಣುವುದೇ ಇಲ್ಲ.

ಪಾವಗಡದಿಂದ

ಅಕ್ಕಾ, ನಮ್ಮದೂ ಸೋಲಾರ್ ಪಾರ್ಕಿಗೆ ಹೋಗಿದೆ. ತಿರುಮಣಿ, ವಳ್ಳೂರು ಕಡೆ ಐದು ಊರು ಸೇರಿ ಸುಮಾರು 13,000 ಎಕರೆ. ಇಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5 ಜಾಸ್ತಿ. ದುಡ್ಡು ಬರುತ್ತೆ, ಆ ಬಗ್ಗೆ ಹೆದರಬೇಡಿ. ನಮ್ಮ ಮನೆಯಲ್ಲಿ ತಂಟೆ ಆಗಿರುವುದು ಬದುವಿನ ವಿಷಯಕ್ಕೆ. ನಮ್ಮಪ್ಪ, ಚಿಕ್ಕಪ್ಪನ ಹೊಲಗಳ ಮಧ್ಯೆ ಕಲ್ಲು ಕಟ್ಟಿದ ಬದು ಇತ್ತು, ಮೇಲೆ ಎರಡು ಹೊಂಗೆ ಮರ. ಪ್ಯಾನೆಲ್ ಸಾಲು ನೇರ ಬರಬೇಕು ಅಂತ ಎಲ್ಲ ಸಪಾಟು ಮಾಡಿದರು. ಈಗ ಬೇಲಿಯ ಆಚೆ ನಿಂತು ನೋಡಿದರೆ ನಮ್ಮದು ಎಲ್ಲಿ ಮುಗಿಯುತ್ತೆ ಅಂತ ಗೊತ್ತಾಗಲ್ಲ. ಚಕ್ಕುಬಂದಿ ಪತ್ರದಲ್ಲಿ ಮಾತ್ರ ಇದೆ. ನಿಮ್ಮ ಕರಡಿನಲ್ಲಿ ಬದುವಿನ ಬಗ್ಗೆ ಏನಾದರೂ ಬರೆದಿದ್ದಾರಾ?

ಮಧುಗಿರಿಯಿಂದ (ಪತ್ರ ಬರಹಗಾರ)

ಮೇಡಂ, ಧಾರವಾಡದ ಹಿರಿಯರು ಪದದ ಅರ್ಥ ಸರಿಯಾಗಿ ಹೇಳಿದ್ದಾರೆ. ಅಪಾಯವಿಲ್ಲ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ, ಗುತ್ತಿಗೆದಾರ ತಾನು ಪಡೆದಾಗ ಇದ್ದಂಥ ಒಳ್ಳೆಯ ಸ್ಥಿತಿಯಲ್ಲೇ ಸ್ವತ್ತನ್ನು ವಾಪಸ್ ಕೊಡಬೇಕು. ಸಹಜ ಸವಕಳಿಗೆ, ತಡೆಯಲಾಗದ ಶಕ್ತಿಯಿಂದ ಆದ ಬದಲಾವಣೆಗೆ ಮಾತ್ರ ರಿಯಾಯಿತಿ. ಆದರೆ ಆ ಕಲಂ ಶುರುವಾಗುವುದೇ ‘ಕರಾರಿನಲ್ಲಿ ಬೇರೆ ರೀತಿ ಇಲ್ಲದಿದ್ದರೆ’ ಅನ್ನುವ ಮಾತಿನಿಂದ. ಕರಾರಿನಲ್ಲಿ ‘ಯಥಾಸ್ಥಿತಿಯಲ್ಲಿ’ ಅಂತ ಬರೆದು ಸಹಿ ಹಾಕಿದರೆ, ‘ಇದ್ದ ಹಾಗೇ ತಗೊಳ್ಳಿ ಅಂತ ಇವರೇ ಒಪ್ಪಿದ್ದಾರೆ’ ಅಂತ ವಕೀಲರು ವಾದಿಸಲು ದಾರಿಯಾಗುತ್ತದೆ. ಗೆಲ್ಲುತ್ತಾರೋ ಇಲ್ಲವೋ ಆಮೇಲಿನ ಮಾತು. 25 ವರ್ಷದ ನಂತರ ಆ ಕೇಸು ನಡೆಸುವವರು ಯಾರು?

‘ಪೂರ್ವಸ್ಥಿತಿ’ ಅಂತ ತಿದ್ದಿಸುವುದು ಒಳ್ಳೆಯದೇ. ಆದರೆ ಅಷ್ಟೇ ಸಾಲದು. ಪೂರ್ವ ಹೇಗಿತ್ತು ಅಂತ ಸಾಕ್ಷಿ ಹೇಳಲು ಅವತ್ತು ನಿಮ್ಮ ದೊಡ್ಡಪ್ಪ ಇರಬೇಕಲ್ಲ. ಆದ್ದರಿಂದ ಹೊಲ ಒಪ್ಪಿಸುವ ಮೊದಲು ಸರ್ವೆ ಮಾಡಿಸಿ, ಹದ್ದುಬಸ್ತು ಮಾಡಿಸಿ. ಬಾಂದುಕಲ್ಲು, ಬದು, ಮರ, ಬೋರು, ಬಂಡಿದಾರಿ ಎಲ್ಲ ನಕ್ಷೆಯಲ್ಲಿ ಗುರುತು ಹಾಕಿಸಿ. ಫೋಟೊ, ಮಣ್ಣು ಪರೀಕ್ಷೆಯ ಚೀಟಿ ಜೊತೆಗಿಟ್ಟು, ಇಬ್ಬರೂ ಸಹಿ ಮಾಡಿ, ಕರಾರಿಗೆ ಅನುಬಂಧವಾಗಿ ಸೇರಿಸಿ ನೋಂದಣಿ ಮಾಡಿಸಿ. ಆಮೇಲೆ ‘ಅನುಬಂಧದಲ್ಲಿ ಇರುವಂತೆ’ ಅಂತ ಬರೆದರೆ ಸಾಕು, ಯಥಾ, ಪೂರ್ವ ಯಾವುದೂ ಬೇಡ. ಪಾವಗಡದವರು ಹೇಳಿದ ಬದುವಿಗೂ ಇದೇ ದಾರಿ.

ನಿಮ್ಮ ಕಣ್ಣು ‘ಯಥಾಸ್ಥಿತಿ’ ಮೇಲೆ ನಿಂತಿದೆ. ನನಗೆ ಅದಕ್ಕಿಂತ ಜಾಸ್ತಿ ಭಯ ‘ಸಲಕರಣೆ’ ಅನ್ನುವ ಪದದ್ದು. ಪ್ಯಾನೆಲ್, ಇನ್ವರ್ಟರ್, ತಂತಿ ಸಲಕರಣೆ ನಿಜ. ಕಂಬದ ಬುಡದ ಕಾಂಕ್ರೀಟು? ಟ್ರಾನ್ಸ್‌ಫಾರ್ಮರ್ ಕೂರಿಸಿದ ಕಟ್ಟೆ? ದಾರಿಗೆ ಹಾಸಿದ ಜಲ್ಲಿ? ನೆಲದೊಳಗೆ ಹೂತ ಕೇಬಲ್ಲು? ಕಬ್ಬಿಣ, ಅಲ್ಯೂಮಿನಿಯಂ, ತಾಮ್ರಕ್ಕೆ ಗುಜರಿಯಲ್ಲಿ ಬೆಲೆ ಇದೆ, ಅದನ್ನು ಕೇಳದೆಯೇ ಕಿತ್ತುಕೊಂಡು ಹೋಗುತ್ತಾರೆ. ಕಾಂಕ್ರೀಟಿಗೆ ಬೆಲೆ ಇಲ್ಲ, ಕೀಳಲು ಖರ್ಚು ಮಾತ್ರ. ಅದೇ ಉಳಿಯುವುದು. ಕಂಬವನ್ನು ನೆಲಮಟ್ಟಕ್ಕೆ ಕತ್ತರಿಸಿ ಮೇಲೆ ಮಣ್ಣು ಎಳೆದರೆ ನೋಡುವವರಿಗೆ ಹೊಲ ಚೊಕ್ಕವಾಗಿಯೇ ಕಾಣುತ್ತೆ. ಮೊದಲ ಸಲ ನೇಗಿಲು ಇಳಿಸಿದಾಗ ಗೊತ್ತಾಗುತ್ತೆ. ‘ತೆರವು’ ಅನ್ನುವ ಕಡೆ ‘ಬುನಾದಿ ಸಮೇತ ಪೂರ್ತಿ ಕಿತ್ತು, ಗುಂಡಿಗಳನ್ನು ಹೊಲದ ಮಣ್ಣಿನಿಂದ ಮುಚ್ಚಿ’ ಅಂತ ಬರೆಸಿ.

ಉಡುಪಿಯಿಂದ

ದಯವಿಟ್ಟು ಕರಾರಿನಲ್ಲಿ ಎಲ್ಲೂ ‘ಗೇಣಿ’ ಅಂತ ಬರೆಯಬೇಡಿ. ನಮ್ಮ ಕಡೆ ಮೂಲಗೇಣಿ, ಚಾಲಗೇಣಿ ಅಂತ ಕೊಟ್ಟ ಎಷ್ಟೋ ಜಮೀನು 1974ರ ನಂತರ ಉಳುವವರ ಹೆಸರಿಗೆ ಹೋಯಿತು. ಗುತ್ತಿಗೆ ಅಂದರೂ ಗೇಣಿ ಅಂದರೂ ಒಂದೇ ಅಲ್ಲವೇ? ಕಂಪನಿ 25 ವರ್ಷ ಕೂತರೆ ಜಮೀನು ಅದರದ್ದೇ ಆಗುವುದಿಲ್ಲವೇ?

ಮಧುಗಿರಿಯಿಂದ

ಸರ್, ಹಾಗಾಗುವುದಿಲ್ಲ. ಭೂಸುಧಾರಣಾ ಕಾಯ್ದೆಯಲ್ಲಿ ಹಕ್ಕು ಸಿಕ್ಕಿದ್ದು ಖುದ್ದಾಗಿ ಸಾಗುವಳಿ ಮಾಡಿದ ಗೇಣಿದಾರರಿಗೆ. ಕಂಪನಿ ಸಾಗುವಳಿ ಮಾಡುವುದಿಲ್ಲ. ನಿಮ್ಮ ಎಚ್ಚರಿಕೆಯಲ್ಲಿ ಒಂದು ಅಂಶ ನಿಜ. ಸಾಗುವಳಿ ಜಮೀನನ್ನು ಗೇಣಿಗೆ ಕೊಡುವುದನ್ನು ಆ ಕಾಯ್ದೆಯ 5ನೇ ಕಲಂ ತಡೆಯುತ್ತದೆ. ಅದಕ್ಕೇ ಇಂಥ ಕಡೆ ಭೂಪರಿವರ್ತನೆಯ ಮಾತು ಜೊತೆಗೇ ಬರುತ್ತದೆ. ಹಳಬರು ಅದನ್ನು ‘ಅನ್ಯಕ್ರಾಂತ’ ಅನ್ನುತ್ತಾರೆ. ಬೇರೆಯವರ ಪಾಲಾಗುವುದು ಅಂತ ಊರಲ್ಲಿ ಹೆದರುತ್ತಾರೆ, ಆದರೆ ಅದರಿಂದ ಮಾಲೀಕತ್ವ ಬದಲಾಗುವುದಿಲ್ಲ. ಭೂಕಂದಾಯ ಕಾಯ್ದೆಯ 95ನೇ ಕಲಂನಲ್ಲಿ ಜಮೀನಿನ ಬಳಕೆ ಬದಲಾಗುತ್ತದೆ, ಅಷ್ಟೇ.

ಮೈಸೂರಿನಿಂದ

ನಾನು ಬ್ಯಾಂಕಿನಲ್ಲಿದ್ದವನು, ಹೆಚ್ಚಳದ ಲೆಕ್ಕ ಹಾಕಿ ನೋಡಿದೆ. ಪಾವಗಡದ 21,000ವನ್ನೇ ಹಿಡಿಯೋಣ. ಮೊದಲ ಎರಡು ವರ್ಷ ಅದೇ ಬಾಡಿಗೆ. ಶೇ 5 ಅನ್ನುವುದು ಶುರುವಿನ ಬಾಡಿಗೆಯ ಮೇಲೆ ಅಂತಾದರೆ ಪ್ರತಿ ಸಲ 1,050 ರೂಪಾಯಿ ಏರುತ್ತೆ. 25ನೇ ವರ್ಷಕ್ಕೆ ಹನ್ನೆರಡು ಸಲ ಏರಿ 33,600 ಆಗುತ್ತೆ. ಹಿಂದಿನ ಬಾಡಿಗೆಯ ಮೇಲೆ ಅಂತಾದರೆ ಏರಿಕೆಯ ಮೇಲೆ ಏರಿಕೆ ಕೂಡಿ ಸುಮಾರು 37,700. ಪೂರ್ತಿ 25 ವರ್ಷ ಕೂಡಿದರೆ ಎಕರೆಗೆ ಸುಮಾರು 30,000 ರೂಪಾಯಿ ವ್ಯತ್ಯಾಸ. ಎಂಟು ಎಕರೆಗೆ ಎರಡು ಲಕ್ಷ ನಲವತ್ತು ಸಾವಿರ. ‘ಬಾಡಿಗೆಯ ಮೇಲೆ’ ಅನ್ನುವ ಕಡೆ ‘ಆ ಹಿಂದಿನ ಎರಡು ವರ್ಷ ಕೊಟ್ಟ ಬಾಡಿಗೆಯ ಮೇಲೆ’ ಅಂತ ಹಾಕಿದರೆ ಮುಗಿಯಿತು. ಇಪ್ಪತ್ತೈದು ವರ್ಷದ ಬಾಡಿಗೆಯನ್ನೂ ಒಂದು ಪಟ್ಟಿ ಮಾಡಿ ಕರಾರಿಗೆ ಅಂಟಿಸಿ. ಪಟ್ಟಿ ಇದ್ದರೆ ಯಾರೂ ವ್ಯಾಕರಣದ ಮೇಲೆ ಜಗಳವಾಡಬೇಕಿಲ್ಲ.

ಚಳ್ಳಕೆರೆಯಿಂದ

ಎಲ್ಲರಿಗೂ ಧನ್ಯವಾದ. ಪಾವಗಡದ ತಮ್ಮನಿಗೆ: ಬದುವಿನ ಮಾತು ನಮ್ಮ ಕರಡಿನಲ್ಲಿ ಒಂದೂ ಇಲ್ಲ. ದೊಡ್ಡಪ್ಪನ ಜೊತೆ ಕೂತು ಹೀಗೆ ಬರೆದೆ:

“ಅವಧಿ ಮುಗಿದ ಆರು ತಿಂಗಳೊಳಗೆ ಗುತ್ತಿಗೆದಾರರು ತಾವು ನೆಲದ ಮೇಲೆ ಮತ್ತು ನೆಲದೊಳಗೆ ಹಾಕಿದ್ದೆಲ್ಲವನ್ನೂ ಬುನಾದಿ ಸಮೇತ ತಮ್ಮ ಖರ್ಚಿನಲ್ಲಿ ತೆಗೆದು, ಗುಂಡಿಗಳನ್ನು ಹೊಲದ ಮಣ್ಣಿನಿಂದ ಮುಚ್ಚಿ, ಬದು ಮತ್ತು ಬಾಂದುಕಲ್ಲುಗಳನ್ನು ಅನುಬಂಧದ ನಕ್ಷೆಯಂತೆ ಮತ್ತೆ ನಿಲ್ಲಿಸಿ, ಜಮೀನನ್ನು ಸಾಗುವಳಿಗೆ ಯೋಗ್ಯವಾಗಿ ಒಪ್ಪಿಸತಕ್ಕದ್ದು. ಅಲ್ಲಿಯವರೆಗೆ ಕೊನೆಯ ವರ್ಷದ ದರದಲ್ಲಿ ಬಾಡಿಗೆ ಕೊಡತಕ್ಕದ್ದು.”

ಕೊನೆಯ ವಾಕ್ಯ ದೊಡ್ಡಪ್ಪನದು. ಕೆಲಸ ಎಳೆದರೆ ದುಡ್ಡು ಬೀಳಲಿ ಅಂದರು.

ಧಾರವಾಡದಿಂದ

ಚಲೋ ಆಗ್ಯದ ತಂಗಿ. ‘ಸಾಗುವಳಿಗೆ ಯೋಗ್ಯ’ ಅನ್ನುವುದನ್ನು ಇನ್ನಷ್ಟು ಬಿಗಿ ಮಾಡಬಹುದು. ಯೋಗ್ಯ ಅಂತ ತೀರ್ಮಾನಿಸುವವರು ಯಾರು? ಗಾಡಿ ಓಡಾಡಿ ನೆಲ ಗಟ್ಟಿಯಾಗಿ, ಮೇಲ್ಮಣ್ಣು ಹೋಗಿದ್ದರೂ ಬೀಜ ಬಿತ್ತಬಹುದು. ಬೆಳೆ ಬರಬೇಕಲ್ಲ.

ಮಧುಗಿರಿಯಿಂದ

ಸಾಲು ಚೆನ್ನಾಗಿದೆ. ಮೇಲ್ಮಣ್ಣಿಗೆ ಹೀಗೆ ಸೇರಿಸಿ: ‘ಸಪಾಟು ಮಾಡುವಾಗ ತೆಗೆದ ಮೇಲ್ಮಣ್ಣನ್ನು ಹೊಲದಿಂದ ಆಚೆ ಸಾಗಿಸತಕ್ಕದ್ದಲ್ಲ’. ಯೋಗ್ಯತೆ ತೀರ್ಮಾನಕ್ಕೆ ಅನುಬಂಧದ ಮಣ್ಣು ಪರೀಕ್ಷೆಯನ್ನೇ ಅಳತೆಗೋಲು ಮಾಡಿ.

ಎರಡು ವಿಷಯ ಬಾಕಿ ಇವೆ. ನಿಮ್ಮ ಸಾಲು ಮಣ್ಣನ್ನು ಮಾತ್ರ ವಾಪಸ್ ತರುತ್ತದೆ, ಪಹಣಿಯನ್ನಲ್ಲ. ಪರಿವರ್ತನೆ ಆದ ಜಮೀನು ಗುತ್ತಿಗೆ ಮುಗಿದ ಮಾತ್ರಕ್ಕೆ ದಾಖಲೆಯಲ್ಲಿ ತಾನಾಗೇ ಕೃಷಿ ಜಮೀನಾಗುವುದಿಲ್ಲ. ಅದನ್ನು ಬದಲಾಯಿಸಲು ಅರ್ಜಿ ಹಾಕಿ ಖರ್ಚು ಕೊಡುವುದು ಕಂಪನಿಯೋ ಮಾಲೀಕರೋ, ಅದು ಕರಾರಿನಲ್ಲಿ ಬರಬೇಕು. ಎರಡನೆಯದು, ಅಷ್ಟು ವರ್ಷದಲ್ಲಿ ಕಂಪನಿ ಕೈಬದಲಾಗಬಹುದು, ಮುಚ್ಚಲೂಬಹುದು. ತೆರವಿನ ಖರ್ಚಿಗೆ ಬ್ಯಾಂಕ್ ಗ್ಯಾರಂಟಿ ಕೇಳಿ. ಮೊದಲ ದಿನವೇ ಕೊಡಿ ಅಂದರೆ ಕಂಪನಿಯವರು ಒಪ್ಪುವುದು ಕಷ್ಟ. ಹದಿನೈದನೇ ವರ್ಷದಿಂದ ಅಂದರೆ ಒಪ್ಪಬಹುದು. ಅಷ್ಟರೊಳಗೆ ಕಂಪನಿ ಮುಚ್ಚಿದರೆ ಏನು ಅನ್ನುವುದಕ್ಕೆ ಈ ಬಳಗದಲ್ಲಿ ಯಾರಾದರೂ ಒಳ್ಳೆಯ ಷರತ್ತು ಬರೆದಿದ್ದರೆ ದಯವಿಟ್ಟು ಕಳಿಸಿ.

ಪಾವಗಡದಿಂದ

ಅಣ್ಣಾ, ನಮ್ಮದು ಆಗಲೇ ಸಹಿ ಆಗಿಹೋಗಿದೆ. ಈಗ ಆ ಬದುವಿನ ನಕ್ಷೆ ಮಾಡಿಸಿ, ಚಿಕ್ಕಪ್ಪನ ಸಹಿ ಹಾಕಿಸಿ ಇಟ್ಟರೆ ಏನಾದರೂ ಬೆಲೆ ಇರುತ್ತಾ?